ಒಡೆದ ಬಾಟಲಿಗೆ ಮೂರು ಕನ್ನಡ: ವಾಪಸಾತಿ ನಿಯಮವನ್ನು ಮೂರು ರೀತಿ ಬರೆದು ನೋಡಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಕೆಲವರು ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು, ಹಾಳೆ ತಟ್ಟೆಗಳನ್ನು ಒಂದು ಆನ್‌ಲೈನ್ ಅಂಗಡಿಯ ಮೂಲಕ ಮಾರುತ್ತಾರೆ. ಅಂಗಡಿಯ ವಾಪಸಾತಿ ನಿಯಮ ಇದ್ದದ್ದು ಎರಡು ಪುಟದ ಇಂಗ್ಲಿಷಿನಲ್ಲಿ. ಇವರಿಗೆ ಮನೆಯಲ್ಲಿ ತುಳುವೋ ಹವ್ಯಕವೋ, ಆಫೀಸಿಗೆ ಹೋದರೆ ಮಲಯಾಳ. ಆದರೆ ಕೂತು ಓದುವುದು ಕನ್ನಡವನ್ನೇ. ಹಾಗಾಗಿ ಅನುವಾದದ ಕೆಲಸ ನನ್ನ ಪಾಲಿಗೆ ಬಂತು. ನಾನು ಅದನ್ನು ಮೂರು ರೀತಿ ಬರೆದೆ. ಪ್ರತಿ ಸಲವೂ ನಾಲ್ಕು ಮಾರಾಟಗಾರರಿಗೆ ಓದಲು ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: "ಶರಬತ್ತಿನ ಬಾಟಲಿ ಒಡೆದು ಹೋಗಿ ಮುಟ್ಟಿತು. ಗಿರಾಕಿಗೆ ಯಾವ ತಾರೀಕಿಗೆ ಹಣ ಸಿಗುತ್ತದೆ?"

ಮೊದಲನೆಯದು ಸಾಲಿಗೆ ಸಾಲು ಅನುವಾದ. ಅದರ ಒಂದು ವಾಕ್ಯ ನೋಡಿ:

"ಸರಕು ತಲುಪಿದ 48 ಗಂಟೆಗಳ ಒಳಗೆ ಛಾಯಾಚಿತ್ರ ಸಹಿತ ದೂರು ಸಲ್ಲಿಸದ ಹೊರತು, ಹಾನಿಗೊಳಗಾದ ಸರಕಿನ ಮೊತ್ತದ ಮರುಪಾವತಿಯನ್ನು ಮಾಡಲಾಗುವುದಿಲ್ಲ."

ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೆ ಇಂಗ್ಲಿಷಿನಲ್ಲಿ 'ಇಲ್ಲ' ಅನ್ನುವುದು ವಾಕ್ಯದ ಮೊದಲಿಗೇ ಬರುತ್ತದೆ, ನಮ್ಮಲ್ಲಿ ಕಟ್ಟಕಡೆಗೆ. ಫೋನಿನ ಪರದೆಯಲ್ಲಿ ಈ ವಾಕ್ಯ ನಾಲ್ಕೈದು ಸಾಲು ಹಿಡಿಯುತ್ತದೆ. 'ಮರುಪಾವತಿ' ಕಂಡ ಕೂಡಲೇ ಓದುವವರು ಕೆಳಗೆ ಜಾರುತ್ತಾರೆ, ಕೊನೆಯ 'ಇಲ್ಲ' ಕಣ್ಣಿಗೆ ಬೀಳುವುದೇ ಇಲ್ಲ. ಇಬ್ಬರು ಇದನ್ನು ಭರವಸೆ ಅಂತಲೇ ಓದಿಕೊಂಡರು. ಹಪ್ಪಳ ಮಾಡುವ ಅಕ್ಕ ಒಬ್ಬರ ಪ್ರಶ್ನೆ ಬೇರೆಯೇ: "ಮರುಪಾವತಿ ಅಂದರೆ ನಾನು ಕಟ್ಟಬೇಕಾ? ಸೊಸೈಟಿ ಸಾಲದ ಹಾಗೆ?" ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಆ ಪದ ಅವರಿಗೆ ಸಿಕ್ಕಿದ್ದೇ ಸಾಲದ ನೋಟಿಸಿನಲ್ಲಿ. ಅಂದಿನಿಂದ 'ಮರುಪಾವತಿ' ಬಿಟ್ಟು 'ಹಣ ವಾಪಸ್' ಅಂತಲೇ ಬರೆಯುತ್ತಿದ್ದೇನೆ.

ಎರಡನೆಯದನ್ನು ಪೂರ್ತಿ ಮಾತಿನ ಧಾಟಿಯಲ್ಲಿ ಬರೆದೆ. "ಒಡೆದು ಬಂದರೆ ತಲೆಬಿಸಿ ಬೇಡ, ಎರಡು ದಿನದಲ್ಲಿ ಒಂದು ಫೋಟೊ ಕಳಿಸಿ." ಎಲ್ಲರಿಗೂ ಇಷ್ಟವಾಯಿತು, ನನಗೂ. ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ಪಾರ್ಸೆಲ್ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಟ್ಟಿದರೆ 48 ಗಂಟೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯುತ್ತದೆ. 'ಎರಡು ದಿನ' ಅಂದರೆ ಜನ ಬುಧವಾರ ರಾತ್ರಿಯವರೆಗೆ ಅಂದುಕೊಳ್ಳುತ್ತಾರೆ. ಬುಧವಾರ ಸಂಜೆ ಫೋಟೊ ಕಳಿಸಿದವರಿಗೆ ಏನು ಹೇಳುವುದು? ಇನ್ನೊಂದು ತೊಡಕು 'ಬದಲಿ' ಅನ್ನುವ ಪದದ್ದು. ಒಡೆದದ್ದಕ್ಕೆ ಅದೇ ವಸ್ತುವನ್ನು ಮತ್ತೆ ಕಳಿಸುವುದು ಒಂದು. ಅಳತೆ ಸರಿಯಾಗಲಿಲ್ಲ ಅಂತ ಬೇರೆ ಅಳತೆಯದ್ದು ಕೊಡುವುದು ಇನ್ನೊಂದು. ಅಂಗಡಿ ಮೊದಲನೆಯದಕ್ಕೆ ಕೊರಿಯರ್ ಖರ್ಚು ತಾನೇ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದಿಲ್ಲ. ನಾನು ಎರಡಕ್ಕೂ 'ಬದಲಿ' ಅಂತ ಬರೆದು ಕೂತಿದ್ದೆ. ಈಗ 'ಅದೇ ವಸ್ತು ಮತ್ತೆ', 'ಬೇರೆ ಅಳತೆ' ಅಂತ ಬಿಡಿಸಿ ಬರೆಯುತ್ತೇನೆ.

ಮೂರನೆಯದಕ್ಕೆ ಇಂಗ್ಲಿಷಿನ ಕ್ರಮವನ್ನೇ ಕೈಬಿಟ್ಟೆ. ಒಡೆದು ಬಂದರೆ, ಬೇರೆಯೇ ವಸ್ತು ಬಂದರೆ, ತಡವಾಗಿ ಬಂದರೆ, ಮನಸ್ಸು ಬದಲಾದರೆ – ಹೀಗೆ ನಾಲ್ಕು ಭಾಗ. ಒಂದು ವಾಕ್ಯದಲ್ಲಿ ಒಂದೇ ಮಾತು. 'ಇಲ್ಲ' ಇರುವ ಮಾತಿಗೆ ಅದರದ್ದೇ ಪುಟ್ಟ ವಾಕ್ಯ: "48 ಗಂಟೆ ದಾಟಿದರೆ ಹಣ ವಾಪಸ್ ಇಲ್ಲ." ಹೀಗೆ ವಿಂಗಡಿಸಿದಾಗ ಇನ್ನೊಂದು ಲಾಭವೂ ಆಯಿತು. ಗ್ರಾಹಕ ರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು, ಹೇಳಿದ್ದಕ್ಕಿಂತ ಬೇರೆಯದನ್ನು ಕಳಿಸಿದ್ದರೆ ಮಾರಾಟಗಾರರು ವಾಪಸ್ ತೆಗೆದುಕೊಳ್ಳಲು ಒಲ್ಲೆ ಅನ್ನುವಂತಿಲ್ಲ. 'ಮಾರಿದ ಮಾಲು ವಾಪಸ್ ಇಲ್ಲ' ಅನ್ನುವ ಹಳೆಯ ಬೋರ್ಡಿನ ಮಾತನ್ನು ಇಬ್ಬರು ಎಲ್ಲದಕ್ಕೂ ಹಾಕುತ್ತಿದ್ದರು. ಭಾಗ ಮಾಡಿದ ಮೇಲೆ ಆ ಮಾತು 'ಮನಸ್ಸು ಬದಲಾದರೆ' ಅನ್ನುವಲ್ಲಿ ಮಾತ್ರ ಉಳಿಯಿತು.

ಈ ರೀತಿಯಲ್ಲೂ ಒಂದು ಕೊರತೆ ಇದೆ. ಮೂಲದ ಕಲಮು ಸಂಖ್ಯೆಗಳು ಕಳೆದುಹೋಗುತ್ತವೆ. ತಕರಾರು ಎದ್ದರೆ ಹುಡುಕಲು ಬೇಕು ಅಂತ ಪ್ರತಿ ಭಾಗದ ಕೊನೆಗೆ ಸಂಖ್ಯೆ ಹಾಕಿಟ್ಟೆ.

ಇನ್ನು ತಾರೀಕಿನ ಪ್ರಶ್ನೆ. ಸೋಮವಾರ 9ಕ್ಕೆ ಪಾರ್ಸೆಲ್ ಮುಟ್ಟಿತು, 10ಕ್ಕೆ ಫೋಟೊ ಬಂತು ಅಂತಿಟ್ಟುಕೊಳ್ಳಿ. ಅಂಗಡಿ ಹಣ ಕಳಿಸಲು 3 ಕೆಲಸದ ದಿನ ತೆಗೆದುಕೊಳ್ಳುತ್ತದೆ, ಅಂದರೆ 13ರ ಶುಕ್ರವಾರ. ಆಮೇಲೆ ಬ್ಯಾಂಕಿಗೆ 5 ಕೆಲಸದ ದಿನ. 14 ಎರಡನೇ ಶನಿವಾರ, 15 ಭಾನುವಾರ, ಎರಡೂ ರಜೆ. 16ರಿಂದ ಎಣಿಸಿದರೆ 20. ಮೊದಲ ಅನುವಾದ ಓದಿದವರಲ್ಲಿ ಮೂವರು 15 ಅಂದರು. '5 ದಿನ' ಅನ್ನುವುದಷ್ಟೇ ತಲೆಯಲ್ಲಿ ಉಳಿದು, ಫೋಟೊ ಬಂದ ದಿನದಿಂದಲೇ ಎಣಿಸಿದ್ದರು. 'ಹಣ ಕಳಿಸುವ ದಿನ', 'ಖಾತೆಗೆ ಬೀಳುವ ದಿನ' ಅಂತ ಎರಡು ಸಾಲು ಬೇರೆ ಮಾಡಿದ ಮೇಲೆ ನಾಲ್ವರೂ ಸರಿಯಾಗಿ ಹೇಳಿದರು.

ದೂರು ಕೊಟ್ಟ ಗಿರಾಕಿಗೆ ಕಳಿಸುವ ಉತ್ತರದ ಮಾದರಿಗಳನ್ನೂ ಎರಡು ರೀತಿ ಮಾಡಿ ನೋಡಿದೆ. ಮೊದಲು ಖಾಲಿ ಜಾಗ ತುಂಬುವ ಉದ್ದ ಪತ್ರ: "ನೀವು ಕಳಿಸಿದ ___ವನ್ನು ಪರಿಶೀಲಿಸಿ, ___ಕ್ಕೆ ಹಣ ಕಳಿಸುತ್ತೇವೆ." ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಏನು ಹಾಕಿದರೂ ನಡೆಯುತ್ತದೆ. ಕನ್ನಡದಲ್ಲಿ ಪ್ರತ್ಯಯ ಅಡ್ಡ ಬರುತ್ತದೆ. ಹಪ್ಪಳವನ್ನು ಸರಿ. ಆದರೆ 'ತಟ್ಟೆವನ್ನು', 'ಬಾಟಲಿವನ್ನು' ಅಂತ ಹೋದರೆ ಗಿರಾಕಿ ನಗುತ್ತಾರೆ, ಇಲ್ಲವೇ ಮೋಸದ ಮೆಸೇಜು ಅಂತ ಬ್ಲಾಕ್ ಮಾಡುತ್ತಾರೆ. ಒಬ್ಬರು ಅವಸರದಲ್ಲಿ ಗೆರೆಯನ್ನೇ ತುಂಬದೆ ಕಳಿಸಿದ್ದೂ ಉಂಟು.

ಎರಡನೇ ರೀತಿಯಲ್ಲಿ ತುಂಬುವ ಪದಕ್ಕೆ ಪ್ರತ್ಯಯ ಅಂಟದ ಹಾಗೆ ಬರೆದೆ. ವಸ್ತುವಿನ ಹೆಸರು ಬೇರೆ ಸಾಲಿಗೆ ಹೋಯಿತು. ತಾರೀಕಿಗೆ 'ನೇ' ಹಚ್ಚಿದೆ, ಅದು ಯಾವ ಅಂಕಿಗೂ ಹೊಂದುತ್ತದೆ:

"ನಮಸ್ಕಾರ. ಫೋಟೊ ಸಿಕ್ಕಿತು. ಒಡೆದು ಬಂದದ್ದಕ್ಕೆ ಬೇಸರವಾಯಿತು.
ವಸ್ತು: ___
ವಾಪಸ್ ಹಣ: ₹___
ನಾವು ಕಳಿಸುವುದು: ___ನೇ ತಾರೀಕಿನೊಳಗೆ
ನಿಮ್ಮ ಖಾತೆಗೆ ಬೀಳುವುದು: ___ನೇ ತಾರೀಕಿನೊಳಗೆ
ಒಡೆದ ಬಾಟಲಿ ಕಳಿಸುವುದು ಬೇಡ."

ಕೊನೆಯ ಸಾಲನ್ನು ಹೇಳಿಕೊಟ್ಟದ್ದು ಶರಬತ್ತು ಮಾಡುವ ಅಣ್ಣ. ಅದಿಲ್ಲದಿದ್ದಾಗ ಗಿರಾಕಿ ಒಬ್ಬರು ಗಾಜಿನ ಚೂರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊರಿಯರ್ ಮಾಡಿದ್ದರಂತೆ!

ಇಂಥವು ಆರು ಮಾಡಿ ವಾಟ್ಸ್ಆ್ಯಪ್ ಬಿಸಿನೆಸ್‌ನ ಸಿದ್ಧ ಉತ್ತರಗಳಲ್ಲಿ ಸೇರಿಸಿದೆವು. `/` ಒತ್ತಿದರೆ ಪಟ್ಟಿ ತೆರೆಯುತ್ತದೆ. ಗುರುತಿಗೆ ಮೊದಲು ಕನ್ನಡ ಪದಗಳನ್ನು ಇಟ್ಟಿದ್ದೆ. ಕೀಬೋರ್ಡ್ ಬದಲಿಸುವ ರಗಳೆ ಬೇಡ ಅಂದರು. ಈಗ `/1`, `/2` ಅಂತ ಇದೆ, ಯಾವುದು ಯಾವುದಕ್ಕೆ ಅಂತ ಬರೆದ ಚೀಟಿ ಪ್ಯಾಕಿಂಗ್ ಮೇಜಿನ ಗೋಡೆಯಲ್ಲಿದೆ.

ಕ್ಯಾಶ್ ಆನ್ ಡೆಲಿವರಿಗೆ ಮಾತ್ರ ಪ್ರತ್ಯೇಕ ಮಾದರಿ ಬೇಕಾಯಿತು, ಯಾಕೆಂದರೆ ಅಲ್ಲಿ ಹಣ ಬಂದ ದಾರಿಯಲ್ಲೇ ಹಿಂದೆ ಹೋಗುವುದಿಲ್ಲ, ಗಿರಾಕಿಯ ಯುಪಿಐ ಐಡಿ ಕೇಳಬೇಕು. ಕೇಳುವ ಸಾಲಿನ ಕೆಳಗೇ ಇದು ಇರಲಿ: "ಹಣ ಪಡೆಯಲು ಪಿನ್ ಬೇಡ, ಒಟಿಪಿ ಬೇಡ. ಯಾರು ಕೇಳಿದರೂ ಕೊಡಬೇಡಿ."