ಉಪಗ್ರಹವೋ ವಿಮಾನವೋ: ಸೇನಾಧಿಪತಿಯ ಕಣ್ಣಿನ ಆಯ್ಕೆ

ಶತ್ರುವಿನ ನೆಲವನ್ನು ನೋಡಲು ಉಪಗ್ರಹವನ್ನು ನಂಬಬೇಕೋ ವಿಮಾನವನ್ನೋ ಎಂಬುದನ್ನು ಮೊದಲು ಅಪಾಯದ ದೃಷ್ಟಿಯಿಂದ ಅಳೆಯಬೇಕು. 1960ರ ಮೇ 1ರಂದು ಸೋವಿಯತ್ ಕ್ಷಿಪಣಿಯೊಂದು ಅಮೆರಿಕದ ಯು-2 ಬೇಹುಗಾರಿಕಾ ವಿಮಾನವನ್ನು ಹೊಡೆದುರುಳಿಸಿತು, ಪೈಲಟ್ ಸೆರೆಯಾದ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಕೊರೋನಾ ಬೇಹುಗಾರಿಕಾ ಉಪಗ್ರಹದ ಒಂದೇ ಯಾನವು, ಯಾರ ಪ್ರಾಣವನ್ನೂ ಪಣಕ್ಕಿಡದೆ, ಅದುವರೆಗಿನ ಎಲ್ಲ ಯು-2 ಹಾರಾಟಗಳಿಗಿಂತ ಹೆಚ್ಚು ಸೋವಿಯತ್ ಭೂಭಾಗವನ್ನು ಚಿತ್ರಿಸಿತು. ವಿಶಾಲ ಪ್ರದೇಶದಲ್ಲಿ ನೆಲೆಗಳನ್ನು ಎಣಿಸುವುದಿದ್ದರೆ ಉಪಗ್ರಹವೇ ಸರಿ.

ಆದರೆ ಸಮಯದ ಲೆಕ್ಕ ಬೇರೆ. ಕೊರೋನಾದ ಚಿತ್ರಗಳು ಫಿಲ್ಮಿನ ಮೇಲಿದ್ದವು. ಅದನ್ನು ಹೊತ್ತ ಕೋಶವು ಪ್ಯಾರಾಚೂಟಿನಲ್ಲಿ ಇಳಿಯುವಾಗ ವಿಮಾನದಿಂದ ಗಾಳಿಯಲ್ಲೇ ಹಿಡಿದು, ಬಳಿಕ ಸಂಸ್ಕರಿಸಬೇಕಿತ್ತು. ಇಂದಿನ ಉಪಗ್ರಹಗಳು ಚಿತ್ರವನ್ನು ರೇಡಿಯೊ ಮೂಲಕವೇ ಕಳುಹಿಸುತ್ತವೆಯಾದರೂ, ಕೆಳಕಕ್ಷೆಯ ಉಪಗ್ರಹವೊಂದು ಒಂದು ಜಾಗದ ಮೇಲಿರುವುದು ಕೆಲವೇ ನಿಮಿಷ, ಅದು ಬರುವ ಹೊತ್ತನ್ನು ಲೆಕ್ಕಹಾಕಿ ಎದುರಾಳಿ ತನ್ನ ವಾಹನಗಳನ್ನು ಮರೆಮಾಡಬಲ್ಲ.

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿಗಳನ್ನಿಟ್ಟ 1962ರ ಬಿಕ್ಕಟ್ಟಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಯಿತು. ಅಕ್ಟೋಬರ್ 14ರ ಯು-2 ಹಾರಾಟದಲ್ಲಿ ತೆಗೆದ ಚಿತ್ರಗಳಲ್ಲಿ ಮರುದಿನವೇ ವಿಶ್ಲೇಷಕರು ಕ್ಷಿಪಣಿಗಳನ್ನು ಗುರುತಿಸಿದರು, 16ರಂದು ಅಧ್ಯಕ್ಷ ಕೆನಡಿ ಅವುಗಳನ್ನು ನೋಡಿದರು. ದಿನದಿಂದ ದಿನಕ್ಕೆ ಬದಲಾಗುವ ನೆಲೆಯ ಮೇಲೆ ಕಣ್ಣಿಡಲು ಹೀಗೆ ಬೇಕಾದಾಗ ಹಾರುವ ವಿಮಾನವೇ ಬೇಕು, ಆದರೆ ಅದಕ್ಕೆ ಬೆಲೆಯಿದೆ: ಅದೇ ತಿಂಗಳ 27ರಂದು ಕ್ಯೂಬಾದ ಮೇಲೆ ಮತ್ತೊಂದು ಯು-2 ಉರುಳಿತು, ಅದರ ಪೈಲಟ್ ಸತ್ತ. ಚಾಲಕರಹಿತ ಡ್ರೋನ್ ಈ ಪ್ರಾಣಾಪಾಯವನ್ನು ತಪ್ಪಿಸಿ ಗಂಟೆಗಟ್ಟಲೆ ಒಂದೇ ಜಾಗವನ್ನು ನೋಡಬಲ್ಲದು, ಆದರೆ ನಿಧಾನಗತಿಯ ಡ್ರೋನ್‌ಗಳು ಬಲವಾದ ವಾಯುರಕ್ಷಣೆಯಿರುವಲ್ಲಿ ಬಹುಕಾಲ ಉಳಿಯಲಾರವು.