ಟಿ-ಶರ್ಟ್ ಮಾಕಪ್ ಸೆಟ್: ಎದೆಯ ಲೋಗೋಗೆ ಸೈ, ತೋಳಿನ ಲೋಗೋಗೆ ಕೈಕೆಲಸ ಬೇಕು

ಕಂಪನಿ ಕಾರ್ಯಕ್ರಮಗಳ ಸಿಬ್ಬಂದಿಗೆ ಟಿ-ಶರ್ಟ್ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಈ ಫೋಟೋಶಾಪ್ ಮಾಕಪ್ ಸೆಟ್ ಕೊಂಡು ಎರಡು ವರ್ಷದ ಮೇಲಾಯಿತು. ಈಗಲೂ ವಾರವಾರ ತೆರೆಯುತ್ತೇನೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಡಿಕೆಗಳು. ಲೋಗೋ ಮೇಲೆ `Multiply` ನಲ್ಲಿ ನೆರಳಿನ ಲೇಯರ್ ಇದೆ. ಜೊತೆಗೆ `Displace` ಫಿಲ್ಟರ್ ಮಡಿಕೆ ಇರುವ ಕಡೆ ಲೋಗೋವನ್ನೇ ಸ್ವಲ್ಪ ಸರಿಸುತ್ತದೆ. ಎಷ್ಟು ಸರಿಸಬೇಕು ಅನ್ನುವುದನ್ನು ಒಂದು ಬೂದು ಚಿತ್ರ ಹೇಳುತ್ತದೆ. ನಡು ಬೂದು ಇದ್ದಲ್ಲಿ ಲೋಗೋ ಅಲುಗುವುದಿಲ್ಲ, ಅದಕ್ಕಿಂತ ತಿಳಿಯಾದಲ್ಲಿ ಒಂದು ಕಡೆಗೆ, ಕಪ್ಪಾದಲ್ಲಿ ಇನ್ನೊಂದು ಕಡೆಗೆ ಜರುಗುತ್ತದೆ. ಫೈಲ್‌ನಲ್ಲಿ ಕೊಟ್ಟಿರುವ ಅಳತೆ 10. ಸಣ್ಣ ಅಕ್ಷರದ ಎದೆ ಲೋಗೋಗೆ ಅದು ಜಾಸ್ತಿ, ಅಕ್ಷರಗಳು ನಡುಗಿದಂತೆ ಕಾಣುತ್ತವೆ. ನಾನು 4 ಅಥವಾ 5 ಇಡುತ್ತೇನೆ. ಅಂಚು ಗರಗಸದ ಹಲ್ಲಿನಂತೆ ಬಂದರೆ ಬೂದು ಚಿತ್ರದಲ್ಲಿ ಬಟ್ಟೆಯ ನೇಯ್ಗೆಯೂ ಸೇರಿದೆ ಎಂದರ್ಥ. ಅದಕ್ಕೆ ಸ್ವಲ್ಪ `Gaussian Blur` ಕೊಟ್ಟರೆ ನೇಯ್ಗೆ ಮಾಯವಾಗಿ ಮಡಿಕೆ ಮಾತ್ರ ಉಳಿಯುತ್ತದೆ.

ಲೋಗೋ ಗಾತ್ರವನ್ನು ಮಾತ್ರ ಕಣ್ಣಂದಾಜಿನಲ್ಲಿ ಇಡಬೇಡಿ. ಮೊನ್ನೆ ನೀಲಿ ಶರ್ಟ್ ಮೇಲೆ ಬಿಳಿ ಲೋಗೋ ಬೇಕಿತ್ತು. ಚಿತ್ರದಲ್ಲಿ ಕಂಕುಳಿಂದ ಕಂಕುಳಿಗೆ 2000 ಪಿಕ್ಸೆಲ್, ಅವರ ಶರ್ಟ್‌ನಲ್ಲಿ ಅದೇ ಜಾಗ 20 ಇಂಚು. ಅಂದರೆ ಒಂದು ಇಂಚಿಗೆ 100 ಪಿಕ್ಸೆಲ್. ಎದೆಯ ಲೋಗೋ 3.5 ಇಂಚು ಅಂದಿದ್ದರು, 350 ಪಿಕ್ಸೆಲ್ ಇಟ್ಟೆ. ಪರದೆ ಮೇಲೆ ಅದು ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಚಂದ ಕಾಣಲಿ ಅಂತ ಸುಮ್ನೆ ಹಿಗ್ಗಿಸಿದರೆ, ಶರ್ಟ್ ಕೈಗೆ ಬಂದ ದಿನ "ಲೋಗೋ ಇಷ್ಟೇನಾ?" ಅಂತ ಕೇಳುತ್ತಾರೆ ಅಲ್ವಾ?

ತೋಳಿನ ವಿಷಯದಲ್ಲಿ ಈ ಸೆಟ್ ಸೋಲುತ್ತದೆ. ಅಲ್ಲಿ ಒಂದು ದಪ್ಪ ಮಡಿಕೆ ಬಟ್ಟೆಯ ಮೇಲೆಯೇ ಮಲಗಿದೆ. `Displace` ಲೋಗೋವನ್ನು ಸರಿಸಬಲ್ಲದು, ಮಡಿಕೆಯ ಅಡಿಯಲ್ಲಿ ಅಡಗಿಸಲಾರದು. ಹಾಗಾಗಿ ಕೊನೆಯ ಅಕ್ಷರ ಮಡಿಕೆಯನ್ನು ಹತ್ತಿ ಇಳಿದು, ಫೋಟೋ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಮಡಿಕೆಯ ಅಂಚಿನಗುಂಟ ಪೆನ್ ಟೂಲ್‌ನಿಂದ ಗೆರೆ ಎಳೆದು, ಅಡಿಗೆ ಹೋಗಬೇಕಾದ ಭಾಗವನ್ನು ಮಾಸ್ಕ್ ಮಾಡಬೇಕು. ಲೋಗೋದ ಹೆಸರೇ ಕತ್ತರಿಸಿಹೋಗುವುದಾದರೆ ಮಾಸ್ಕ್ ಬೇಡ, ಲೋಗೋವನ್ನೇ ಮಡಿಕೆಯಿಂದ ದೂರ ಸರಿಸಿ. ತೋಳು ದುಂಡಗಿರುವುದರಿಂದ `Warp` ನಲ್ಲಿ ಚೂರು ಬಾಗಿಸುವುದನ್ನೂ ಮರೆಯಬೇಡಿ.

ಇನ್ನೊಂದು ಕಿರಿಕಿರಿ: ಬೂದು ಚಿತ್ರ ಬೇರೆ ಫೈಲ್ ಆಗಿ ಬರುತ್ತದೆ. ಫೋಲ್ಡರ್ ಬದಲಾದರೆ ಫಿಲ್ಟರ್‌ಗೆ ಅದು ಸಿಗುವುದಿಲ್ಲ. `Displace` ಹಾಕುವಾಗ `Embed File Data In Smart Object` ಟಿಕ್ ಮಾಡಿಬಿಡಿ.

ಕಸೂತಿ ಲೋಗೋಗೆ ಈ ಸೆಟ್ ಹೊಂದುವುದಿಲ್ಲ. ದಾರದ ಹೊಲಿಗೆ ಗಡುಸು, ಸಣ್ಣ ಸುಕ್ಕಿಗೆಲ್ಲ ಬಾಗುವುದಿಲ್ಲ. ಪ್ರಿಂಟ್ ಶರ್ಟ್‌ಗಾದರೆ ಧೈರ್ಯವಾಗಿ ಕೊಳ್ಳಿ.