ಲಾ ಸ್ಪೋರ್ಟಿವಾ ಟ್ಯಾರಂಟುಲೇಸ್: ಎಷ್ಟು ಬಿಗಿ ಇರಬೇಕು, ಚಪ್ಪಟೆ ಶೂ ಸಾಕಾ?

ಕ್ಲೈಂಬಿಂಗ್ ಶುರು ಮಾಡಿದಾಗ ಕೊಂಡ ಶೂ ಇದು. ಲೇಸ್ ಇರುವ ಚರ್ಮದ ಶೂ, ಅಟ್ಟೆ ಚಪ್ಪಟೆ, ಅಡಿಯಲ್ಲಿ 5 ಮಿ.ಮೀ. ರಬ್ಬರ್. ಎರಡು ವರ್ಷದಿಂದ ಜಿಮ್ಮಿನಲ್ಲೂ ರಾಮನಗರದ ಬಂಡೆಗಳಲ್ಲೂ ಇದನ್ನೇ ಹಾಕುತ್ತಿದ್ದೇನೆ.

ಮೊದಲು ಸೈಜ್ ವಿಷಯ. ನನ್ನ ಮಾಮೂಲಿ ಶೂ 42. ಅಂಗಡಿಯವರು 40 ತಗೊಳ್ಳಿ, ನೋವಾದ್ರೇನೇ ಸರಿ ಎಂದರು. ಹಾಕಿ ನೋಡಿದೆ, ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು, ಸ್ವಲ್ಪ ಹೊತ್ತಿಗೇ ಜೋಮು ಹಿಡಿಯಿತು. ಅಂಥ ಕಾಲಲ್ಲಿ ಬಂಡೆಯ ಹಿಡಿತವೇ ಗೊತ್ತಾಗಲ್ಲ. 42ರಲ್ಲಿ ಹಿಮ್ಮಡಿಯ ಹತ್ತಿರ ಖಾಲಿ ಜಾಗ, ಕಾಲೂರಿದರೆ ಗಾಳಿ ಪುಸ್ ಎಂದು ಹೊರಬರುತ್ತಿತ್ತು. 41 ಹಾಕಿಕೊಂಡು ಮೆಟ್ಟಿಲ ಅಂಚಿನ ಮೇಲೆ ಹೆಬ್ಬೆರಳಷ್ಟೇ ಊರಿ ನಿಂತೆ. ಹಿಮ್ಮಡಿ ಜಾರಲಿಲ್ಲ, ಪಾದ ಒಳಗೆ ಹೊರಳಲಿಲ್ಲ. ಬೆರಳುಗಳು ತುದಿಗೆ ತಾಗಿ, ಹೆಬ್ಬೆರಳ ಗೆಣ್ಣು ಚೂರು ಬಾಗಿತ್ತು. ಬಿಗಿ ಅನ್ನಿಸಿತು, ಆದರೆ ಒಂದೇ ಜಾಗದಲ್ಲಿ ಚುಚ್ಚುವ ನೋವಿರಲಿಲ್ಲ. ಹೊಸಬರಿಗೆ ಇಷ್ಟು ಬಿಗಿ ಸಾಕು.

ಒಳಗೆ ಬಟ್ಟೆಯ ಪದರ ಇಲ್ಲದ ಚರ್ಮ ಹಿಗ್ಗುತ್ತದೆ. ನನ್ನದು ಕೆಲವು ವಾರಗಳಲ್ಲಿ ಸುಮಾರು ಅರ್ಧ ಸೈಜ್ ಹಿಗ್ಗಿತು, ಈಗ ಬೆರಳು ನೆಟ್ಟಗಿದ್ದೂ ತುದಿಗೆ ತಾಗುತ್ತವೆ. ಸಿಂಥೆಟಿಕ್ ಶೂ ಅಷ್ಟು ಹಿಗ್ಗಲ್ಲ. ಅದನ್ನು ಕೊಳ್ಳುವುದಾದರೆ ಮುಂದೆ ಸಡಿಲ ಆಗುತ್ತೆ ಅಂತ ಬಿಗಿಯಾಗಿ ತಗೋಬೇಡಿ. ಸಂಜೆ ಹೊತ್ತು ಹೋಗಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಇನ್ನು ಆಕಾರ. ತುದಿ ಕೆಳಕ್ಕೆ ಬಾಗಿದ ಶೂ ಹೊಸಬರಿಗೂ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ರಾಮನಗರದ ಗ್ರಾನೈಟ್ ಸ್ಲ್ಯಾಬ್, ಅಂದರೆ ಇಳಿಜಾರಾದ ಚಪ್ಪಟೆ ಬಂಡೆ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಕಾಲಿಡಲು ಅಂಚೇ ಇಲ್ಲದ ಕಡೆ ಹಿಮ್ಮಡಿ ಇಳಿಸಿ, ಮುಂಪಾದದ ರಬ್ಬರನ್ನು ಪೂರ್ತಿ ಬಂಡೆಗೆ ಒತ್ತಿ ನಿಲ್ಲಬೇಕು. ಚಪ್ಪಟೆ ಶೂ ಜಾಸ್ತಿ ರಬ್ಬರ್ ತಾಗಿಸುತ್ತದೆ, ಹಿಡಿತ ಸಿಗುತ್ತದೆ. ಬಾಗಿದ ಶೂ ಬೆರಳನ್ನು ಕೊಕ್ಕೆಯಂತೆ ಮಡಚಿ ಇಡುವುದರಿಂದ, ಹಾಗೆ ಪೂರ್ತಿ ಒತ್ತಲು ಕಾಲು ಒದ್ದಾಡಬೇಕು.

ಆದರೆ ಮೈ ಹಿಂದಕ್ಕೆ ವಾಲುವ ಓವರ್‌ಹ್ಯಾಂಗ್‌ನಲ್ಲಿ ಆಟವೇ ಬೇರೆ. ಅಲ್ಲಿ ಹೋಲ್ಡನ್ನು, ಅಂದರೆ ಕೈಕಾಲಿಗೆ ಆಸರೆಯಾಗುವ ಉಬ್ಬನ್ನು, ಕಾಲಿನಿಂದ ನಮ್ಮ ಕಡೆಗೆ ಎಳೆಯಬೇಕು. ಗೆಳೆಯನ ಬಾಗಿದ ಶೂ ಹಾಕಿಕೊಂಡು ಜಿಮ್ಮಿನ ಕಡಿದಾದ ಗೋಡೆ ಹತ್ತಿದೆ. ನನ್ನ ಶೂನಲ್ಲಿ ಜಾರುತ್ತಿದ್ದ ಪುಟ್ಟ ಹೋಲ್ಡ್ ಮೇಲೆ ಕಾಲು ಕಚ್ಚಿಕೊಂಡು ನಿಂತಿತು. ಕೆಳಗಿಳಿದ ಕೂಡಲೇ ಬಿಚ್ಚಬೇಕಾಯಿತು, ಅಷ್ಟು ಬಿಗಿ. ಇಂಥ ಗೋಡೆಗಳಲ್ಲೇ ಜಾಸ್ತಿ ಹತ್ತುವವರು, ಕಾಲಿಡುವ ಅಭ್ಯಾಸ ಗಟ್ಟಿಯಾದ ಮೇಲೆ ಎರಡನೇ ಜೋಡಿಯಾಗಿ ಅದನ್ನು ಕೊಳ್ಳಬಹುದು.

ಈಗ ಹೆಬ್ಬೆರಳ ಕೆಳಗಿನ ರಬ್ಬರ್ ಅಂಚು ದುಂಡಗಾಗಿದೆ. ಸವೆತ ಪಕ್ಕದ ತೆಳು ರಬ್ಬರ್ ಪಟ್ಟಿಗೆ ತಲುಪುವ ಮೊದಲೇ ಅಟ್ಟೆ ಬದಲಿಸಬೇಕು. ಪಟ್ಟಿಯೂ ತೂತಾದರೆ ರಿಪೇರಿ ಖರ್ಚು ಹೆಚ್ಚು. ನನ್ನದನ್ನು ಈ ತಿಂಗಳೇ ಕೊಡುತ್ತಿದ್ದೇನೆ.